ಕಣದ ಕೆಲಸ ಮುಗಿಸಿ ಹೊರಟವರ ವರ್ಷ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವಳು ನಾನು. ನಿವೃತ್ತಿಯ ದಿನ ಮುಖ್ಯೋಪಾಧ್ಯಾಯರು ನನ್ನ ಬಗ್ಗೆ ಆಡಿದ ನಾಲ್ಕು ಮಾತುಗಳಲ್ಲಿ ನಾನು ಸೇವೆಗೆ ಸೇರಿದ ವರ್ಷವನ್ನೇ ತಪ್ಪಾಗಿ ಹೇಳಿದರು. ಅವರ ಮೇಜಿನ ಮೇಲೆಯೇ ನನ್ನ ಸೇವಾಪುಸ್ತಕವಿತ್ತು. ತೆರೆದು ನೋಡುವಷ್ಟು ತಾಳ್ಮೆ ಇರಲಿಲ್ಲ. ಅದನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ. ಒಬ್ಬರ ಬದುಕಿನ ಬಗ್ಗೆ ಮಾತಾಡಲು ನಿಂತವರು ಆ ಬದುಕಿನ ತಾರೀಖುಗಳನ್ನು ಸರಿಯಾಗಿ ಹೇಳಬೇಕು. ಇಷ್ಟು ಕನಿಷ್ಠ ಮರ್ಯಾದೆ ಸತ್ತವರಿಗೂ ಸಲ್ಲಬೇಕಾದದ್ದು.

ಈ ಕಾರಣಕ್ಕೇ ಇರಬೇಕು, ಕುಶಾಲನಗರದ ಸುತ್ತಮುತ್ತ ಯಾರಾದರೂ ಇತಿಹಾಸದ ಪ್ರಬಂಧ ಬರೆದರೆ, ಸಲ್ಲಿಸುವ ಮೊದಲು ಒಮ್ಮೆ ನನ್ನ ಕೈಗೆ ಕೊಡುವ ರೂಢಿ ಬೆಳೆಯಿತು. ಹೋದ ವರ್ಷ ಒಂದು ಗುರುವಾರ ಬೆಳಿಗ್ಗೆ ಹಾಗೆ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ನಮ್ಮ ಪಕ್ಕದ ಹಳ್ಳಿಯ ಸಹಕಾರ ಸಂಘದಲ್ಲಿ ಗುಮಾಸ್ತೆ, ಮೂವತ್ತಾರು ದಾಟಿದವಳು, ಬಿ.ಎಡ್. ಮುಗಿಸಿ, ದೂರಶಿಕ್ಷಣದಲ್ಲಿ ಇತಿಹಾಸದ ಎಂ.ಎ.ಗೆ ಸೇರಿದ್ದಳು. ಮದುವೆ, ಹೆರಿಗೆ, ಅತ್ತೆಯ ಕಾಯಿಲೆ ಎಂದು ವರ್ಷಗಳು ಸವೆದು, ನೋಂದಣಿಯ ಅವಧಿಯೇ ಮುಗಿಯುವ ಹಂತಕ್ಕೆ ಬಂದಿತ್ತು. ಉಳಿದದ್ದು ಕಿರುಪ್ರಬಂಧವೊಂದೇ. ಸೋಮವಾರ ಮಡಿಕೇರಿಯ ಅಧ್ಯಯನ ಕೇಂದ್ರಕ್ಕೆ ಅದನ್ನು ಕೊಡಬೇಕು. ಕೊಡದಿದ್ದರೆ, ಅಥವಾ ಕೊಟ್ಟದ್ದು ನಿಲ್ಲದಿದ್ದರೆ, ಪಾಸಾದ ಪತ್ರಿಕೆಗಳೆಲ್ಲ ರದ್ದಾಗಿ ಮೊದಲ ವರ್ಷದಿಂದ ಶುರುಮಾಡಬೇಕು. ಎಂ.ಎ. ಕೈಗೆ ಬಂದರೆ ಪದವಿಪೂರ್ವ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ತೆಗೆದುಕೊಳ್ಳುವುದಾಗಿ ಅಲ್ಲಿನ ಪ್ರಾಂಶುಪಾಲರು ಹೇಳಿದ್ದರು.

“ಇನ್ನು ಗೊಬ್ಬರದ ಚೀಟಿ ಬರ್ದು ಬರ್ದು ನಂಗೇ ಯೂರಿಯಾ ವಾಸ್ನೆ ಬತ್ತದೆ ಟೀಚರ್,” ಎಂದು ನಕ್ಕಳು. “ಪಾಠ ಮಾಡ್ಬೇಕು ಅನ್ನೋ ಆಸೆ ನಿಮ್ಮಿಂದ್ಲೇ ಅಂಟಿದ್ದು. ಈಗ ನೀವೇ ದಡ ಮುಟ್ಟಿಸ್ಬೇಕು.”

“ದಡ ಮುಟ್ಟಿಸೋದು ದೋಣಿಯವನ ಕೆಲಸ. ನಾನು ತೂತು ಹುಡುಕೋಳು. ಎಷ್ಟು ಪುಟ?”

“ಅರವತ್ತೆರಡು.”

ವಿಷಯ ನಮ್ಮದೇ. ಹಾಸನ, ಮೈಸೂರು ಕಡೆಯಿಂದ ಬಂದು ಕಾವೇರಿಯ ಈ ದಂಡೆಯಲ್ಲಿ ನೆಲೆಸಿದ ಬೇಸಾಯದ ಕುಟುಂಬಗಳ ಕಥೆ, ಅದರಲ್ಲೂ ಅವಳ ಹಳ್ಳಿಯ ಹುಟ್ಟು.

ನಾನು ಪ್ರಬಂಧವನ್ನು ಮೂರು ಬಾರಿ ಓದುತ್ತೇನೆ. ಮೊದಲ ಓದಿಗೆ ಕೆಂಪು ಸೀಸದ ಕಡ್ಡಿ: ತಾರೀಖು ಕಂಡಲ್ಲೆಲ್ಲ ಗುಂಡು ಸುತ್ತಿ, ಪ್ರತಿಯೊಂದಕ್ಕೂ ಆಧಾರ ಎಲ್ಲಿದೆಯೆಂದು ಅಡಿಟಿಪ್ಪಣಿಯಲ್ಲಿ ಹುಡುಕುವುದು. ಎರಡನೆಯದಕ್ಕೆ ನೀಲಿ: ಆ ಕಾಲದಲ್ಲಿ ಇಲ್ಲದ ಹೆಸರು, ವಸ್ತು, ಅಳತೆ, ಆಡಳಿತ ಒಳಗೆ ನುಸುಳಿದ್ದರೆ ಹಿಡಿಯುವುದು. ಮೂರನೆಯದಕ್ಕೆ ಮಾಮೂಲಿ ಕಪ್ಪು: ‘ಎಲ್ಲರೂ’, ‘ಯಾವಾಗಲೂ’, ‘ಮೊಟ್ಟಮೊದಲು’, ‘ಅನಾದಿ ಕಾಲದಿಂದ’ ಎಂಬ ಸಡಿಲ ಮಾತುಗಳ ಕೆಳಗೆ ಗೆರೆ ಎಳೆಯುವುದು. ಮೂರನ್ನೂ ಒಟ್ಟಿಗೆ ಮಾಡುತ್ತೇನೆಂದು ಹೊರಟವರು ಮೂರನ್ನೂ ಕೆಡಿಸುತ್ತಾರೆ.

ಅವಳನ್ನು ಎದುರಿಗೆ ಕೂರಿಸಿಕೊಂಡೇ ಶುರುಮಾಡಿದೆ. ನೀಲಿಗೆ ಬೇಕಾದಷ್ಟು ಮೇವಿತ್ತು. ಸ್ವಾತಂತ್ರ್ಯದ ಬೆನ್ನಿಗಿನ ವರ್ಷಗಳಲ್ಲೇ ಹಳ್ಳಿಯನ್ನು ಕುಶಾಲನಗರ ತಾಲ್ಲೂಕಿಗೆ ಸೇರಿಸಿದ್ದಳು. ಆ ತಾಲ್ಲೂಕು ಹುಟ್ಟಿದ್ದು ಮೊನ್ನೆ ಮೊನ್ನೆ. ಬ್ರಿಟಿಷರ ಕಾಗದಪತ್ರದ ಸಾರ ಹೇಳುವಲ್ಲಿಯೂ ‘ಕುಶಾಲನಗರ’ ಎಂದೇ ಬರೆದಿದ್ದಳು. ಅವರ ಕಾಗದಗಳಲ್ಲಿರುವುದು ಫ್ರೇಜರ್‌ಪೇಟೆ. ಮೊದಲ ಬೆಳೆ ಇಷ್ಟು ಕ್ವಿಂಟಾಲ್ ಎಂದಿದ್ದಳು. ಸೇರು, ಖಂಡುಗದಲ್ಲಿ ಅಳೆದವರ ಬಾಯಿಗೆ ಕ್ವಿಂಟಾಲ್ ತುರುಕಿದ್ದಳು. ಸಾವಿರದ ಒಂಬೈನೂರ ಅರವತ್ತರ ಸುತ್ತಿನ ಸರ್ಕಾರಿ ಆದೇಶವೊಂದನ್ನು ‘ಕರ್ನಾಟಕ ಸರ್ಕಾರ’ ಹೊರಡಿಸಿತ್ತು. ರಾಜ್ಯಕ್ಕೆ ಆ ಹೆಸರು ಬಂದದ್ದು ಎಪ್ಪತ್ಮೂರರಲ್ಲಿ.

“ಹಾರಂಗಿ ನಾಲೆಯ ನೀರನ್ನು ನಂಬಿ ಬಂದರು,” ಎಂದು ಓದಿ ಅವಳ ಮುಖ ನೋಡಿದೆ. “ಯಾವ ನಾಲೆ ತಾಯಿ? ಅಣೆಕಟ್ಟೇ ಇಲ್ಲದಾಗ ನಾಲೇಲಿ ಏನು ಹರೀತಿತ್ತು, ಮಜ್ಜಿಗೆಯೇ?”

ಅವಳು ಹಣೆ ಚಚ್ಚಿಕೊಂಡಳು. “ಅಯ್ಯೋ! ಹುಟ್ಟಿದಾಗಿಂದ ಆ ನಾಲೆ ನೋಡ್ಕಂಡೇ ಬೆಳ್ದಿದೀನಿ. ಅದು ಯಾವತ್ತಿಂದ್ಲೂ ಐತೆ ಅಂತ್ಲೇ ಅನ್ಸ್‌ಬಿಟ್ಟಿತ್ತು.”

“ಅದೇ ಕಾಲವಿಪರ್ಯಾಸದ ಮೂಲ. ನಾವು ಕಂಡದ್ದೆಲ್ಲ ಯಾವಾಗಲೂ ಇತ್ತು ಅಂದ್ಕೊಳ್ಳೋದು.”

ಕಪ್ಪು ಸೀಸಕ್ಕೆ ಸಿಕ್ಕಿದ್ದು, ‘ಊರಿನವರೆಲ್ಲರೂ ಒಕ್ಕೊರಲಿನಿಂದ ವಿರೋಧಿಸಿದರು’ ಎಂಬ ವಾಕ್ಯ. ಆಧಾರವಾಗಿ ಕೊಟ್ಟದ್ದು ಇಬ್ಬರು ಮುದುಕರ ಸಂದರ್ಶನ, ಅವರಿಬ್ಬರೂ ಅಣ್ಣತಮ್ಮಂದಿರು. ‘ಇಬ್ಬರ ನೆನಪಿನ ಪ್ರಕಾರ’ ಎಂದು ತಿದ್ದಿಸಿದೆ. ಅವಳು ಒಂದಕ್ಕೂ ವಾದಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ಅಧ್ಯಾಯ ಮುಗಿದಿತ್ತು. ನಾಲ್ಕನೆಯದಕ್ಕೆ ಬಂದೆವು. ಪ್ರಬಂಧದ ಜೀವವೇ ಅಲ್ಲಿತ್ತು.

ಅವಳ ತಾತ ಒಂದು ನೋಟ್‌ಬುಕ್ ಇಟ್ಟಿದ್ದರು. ತಾವು ಹುಟ್ಟೂರು ಬಿಟ್ಟು ಇಲ್ಲಿಗೆ ಬಂದದ್ದು, ಮೊದಲ ಗುಡಿಸಲು, ಮೊದಲ ಬಾವಿ ಎಲ್ಲವೂ ಅದರಲ್ಲಿ ದಾಖಲಾಗಿತ್ತು. ಆ ಪೀಳಿಗೆಯವರಂತೆ ಅವರೂ ಇಸವಿ ಬರೆಯದೆ ಸಂವತ್ಸರ, ತಿಥಿ ಬರೆದಿದ್ದರು. ಪ್ರಬಂಧದಲ್ಲಿ ಅವಳು ಉದ್ಧರಿಸಿದ್ದು ಇಷ್ಟು: ‘ದುರ್ಮುಖಿ ಸಂವತ್ಸರ, ಬಹುಳ ಪಂಚಮಿ. ಕಣದ ಕೆಲಸ ಮುಗಿಸಿ ಗಾಡಿ ಕಟ್ಟಿದೆವು. ನಾಲ್ಕನೇ ದಿನ ಹೊಳೆ ದಾಟಿದೆವು.’ ಅದರ ಕೆಳಗೆ ಅವಳ ತೀರ್ಮಾನ: ದುರ್ಮುಖಿ ಎಂದರೆ 1956, ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದದ್ದು 1956ರ ನವೆಂಬರ್ ಒಂದರಂದು, ಆದ್ದರಿಂದ ಈ ಕುಟುಂಬಗಳು ವಿಲೀನಕ್ಕೂ ಮುನ್ನ, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗಲೇ ಇಲ್ಲಿ ನೆಲೆಸಿದ್ದವು.

ಈ ವಾಕ್ಯ ಓದಿದಾಗ ನನಗೆ ಏನಾಯಿತೆಂದು ಹೇಳುವ ಮೊದಲು ಇನ್ನೊಂದು ಸಂಗತಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಸ್ಟಾಫ್ ರೂಮಿನಲ್ಲಿ, ಕಾಫಿಯ ಹೊತ್ತಿನಲ್ಲಿ, ಹಿರಿಯ ಸಹೋದ್ಯೋಗಿಯೊಬ್ಬರು ಎಲ್ಲರೆದುರು ಕೇಳಿದ್ದರು: “ನೀವು ಆ ಬಯಲಿನವರಲ್ವಾ? ವಿಲೀನ ಆಗಿದ್ದೇ ತಡ, ಗೇಟ್ ತೆಗೆದ್ರು ಅಂತ ಲಾರಿ ಹತ್ತಿ ಬಂದೋರು.” ಏಳು ಜನ ನಕ್ಕರು. ಯಾರ್ಯಾರೆಂದು ಈಗಲೂ ಹೇಳಬಲ್ಲೆ. ನನ್ನ ತಂದೆ ಬಂದದ್ದೂ ವಿಲೀನದ ನಂತರವೇ. ಮುಂದೆ ಅದೇ ಮಾತನ್ನು ಬಸ್ಸಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಬೇರೆ ಬೇರೆ ಬಾಯಿಗಳಿಂದ ಕೇಳಿದೆ. ನಮ್ಮವರಲ್ಲಿ ಕೆಲವರಾದರೂ ಆ ಗೇಟು ತೆರೆಯುವ ಮೊದಲೇ ಬಂದಿದ್ದರೆಂದು ಆಧಾರಸಹಿತ ಹೇಳುವ ಒಂದು ವಾಕ್ಯಕ್ಕಾಗಿ ನಾನು ಅಷ್ಟೂ ವರ್ಷ ಕಾದಿದ್ದೆ. ಅದು ಈಗ ಟೈಪಾಗಿ ನನ್ನ ಮೇಜಿನ ಮೇಲೆ ಬಿದ್ದಿತ್ತು.

“ತಾತನ ಪುಸ್ತಕ ಬ್ಯಾಗಲ್ಲೇ ಐತೆ ಟೀಚರ್. ತೆಗೀಲಾ?” ಎಂದಳು.

“ಬೇಡ, ಇರಲಿ. ಇದು ಸರಿಯಿದೆ,” ಎಂದೆ.

ಕೆಂಪು ಸೀಸ ‘1956’ರ ಮೇಲೆ ಗುಂಡು ಸುತ್ತಿತು, ಪಕ್ಕದಲ್ಲಿ ಸರಿ ಗುರುತು ಹಾಕಿತು, ಮುಂದೆ ಹೋಯಿತು. ಮಾಸವಿಲ್ಲದ ತಿಥಿಯನ್ನು ಬೇರೆ ಯಾರ ಪ್ರಬಂಧದಲ್ಲಿ ಕಂಡಿದ್ದರೂ ನಾನು ಬಿಡುತ್ತಿರಲಿಲ್ಲ. ಬಹುಳ ಪಂಚಮಿ ಹನ್ನೆರಡು ತಿಂಗಳಲ್ಲೂ ಬರುತ್ತದೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ಓಡುತ್ತದೆ. ಒಂದು ಸಂವತ್ಸರಕ್ಕೆ ಒಂದೇ ಇಸವಿ ಬರೆದು ಕೈತೊಳೆದುಕೊಳ್ಳುವಂತಿಲ್ಲ ಎಂದು ಮಕ್ಕಳಿಗೆ ಪಾಠ ಹೇಳಿದವಳೇ ನಾನು. ಆದರೂ ಬಿಟ್ಟೆ.

ಶುಕ್ರವಾರ ಅವಳು ಸಂಘದ ಕೆಲಸಕ್ಕೆ ಹೋದಳು; ತಿದ್ದಿದ ಪುಟಗಳನ್ನೂ ಹೊಸದಾಗಿ ಸೇರಿಸುವ ಚಿತ್ರಗಳನ್ನೂ ಸಂಜೆ ಡಿ.ಟಿ.ಪಿ. ಅಂಗಡಿಗೆ ಕೊಟ್ಟಳು. ಶನಿವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಅವರೆಕಾಳು ಬಿಸಿಲಿಗೆ ಹರವುತ್ತಿದ್ದೆ. ತಾತನ ವಾಕ್ಯ ತಾನಾಗಿ ನೆನಪಾಯಿತು. ಕಣದ ಕೆಲಸ ಮುಗಿಸಿ ಗಾಡಿ ಕಟ್ಟಿದೆವು.

ಕಣ ಯಾವಾಗ ಮುಗಿಯುತ್ತದೆ? ಹಾಸನದ ಸೀಮೆಯಲ್ಲಿ ರಾಗಿ ಕೊಯ್ದು, ಮೆದೆ ಒಟ್ಟಿ, ಕಣದಲ್ಲಿ ಕಲ್ಲುಗುಂಡು ಉರುಳಿಸಿ ಕಾಳು ಬಿಡಿಸಿ, ತೂರಿ ಮನೆಗೆ ತುಂಬುವ ಹೊತ್ತಿಗೆ ಸಂಕ್ರಾಂತಿ ಬಂದಿರುತ್ತದೆ. ದುರ್ಮುಖಿ ಶುರುವಾದದ್ದು 1956ರ ಏಪ್ರಿಲ್‌ನಲ್ಲಿ. ಆ ಸಂವತ್ಸರದೊಳಗೆ ಬರುವ ಕಣ ಒಂದೇ, ಅದು ಡಿಸೆಂಬರ್ ಕೊನೆ, ಇಲ್ಲವೇ 1957ರ ಜನವರಿ. ವಿಲೀನವಾಗಿ ಆಗಲೇ ಎರಡು ಮೂರು ತಿಂಗಳು ಕಳೆದಿತ್ತು. ಕಾಳನ್ನು ಅಲ್ಲೇ ಬಿಟ್ಟು ಒಳಗೆ ಬಂದು ಕೂತೆ. ಒಕ್ಕಲುತನದವರ ಮಗಳು ನಾನು, ಅವಳೂ ಅಷ್ಟೇ. ಇಬ್ಬರೂ ಆ ವಾಕ್ಯ ಓದಿದ್ದೆವು, ಇಬ್ಬರಿಗೂ ಕಣ ಕಾಣಿಸಿರಲಿಲ್ಲ.

ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಯಾರದೋ ಮದುವೆಗೆ ಪಿರಿಯಾಪಟ್ಟಣಕ್ಕೆ ಹೋಗಿದ್ದಳಂತೆ. ಸಂಜೆ ಸಿಕ್ಕಾಗ, ನಾಳೆ ನೋಟ್‌ಬುಕ್ ತೆಗೆದುಕೊಂಡು ಬೆಳಿಗ್ಗೆಯೇ ಬಾ ಎಂದಷ್ಟೇ ಹೇಳಿದೆ.

ಭಾನುವಾರ ಅವಳ ಅಪ್ಪನೂ ಜೊತೆಗೆ ಬಂದರು. ತಾತ ಗಾಡಿ ಕಟ್ಟಿದಾಗ ನಾಲ್ಕು ವರ್ಷದ ಮಗುವಾಗಿ ಅದರಲ್ಲಿ ಕೂತು ಬಂದವರು ಅವರೇ. ಕಾಲು ನೋವೆಂದು ಕುರ್ಚಿ ಕೇಳಿ ಪಡೆದು, ನೋಟ್‌ಬುಕ್ಕನ್ನು ಪಂಚೆಯ ಮಡಿಲಲ್ಲಿ ಇಟ್ಟುಕೊಂಡು ಕೂತರು. ನಾನು ಕೈಚಾಚಿದ ಮೇಲೆ ಕೊಟ್ಟರು.

ತಾತನ ಕ್ರಮ ಅಚ್ಚುಕಟ್ಟಾಗಿತ್ತು. ಸಂವತ್ಸರದ ಹೆಸರು ಪ್ರತಿ ಪುಟದ ನೆತ್ತಿಯಲ್ಲಿ; ಮಾಸದ ಹೆಸರು ಆ ಮಾಸ ಶುರುವಾದಲ್ಲಿ ಒಂದೇ ಸಲ; ಅದರ ಕೆಳಗೆ ಬರೀ ತಿಥಿಗಳು. ಇವಳು ತನಗೆ ಬೇಕಾದ ಪುಟವೊಂದರದ್ದೇ ಫೋಟೋ ತೆಗೆದುಕೊಂಡು, ಅದನ್ನು ನೋಡಿ ಬರೆದುಕೊಂಡಿದ್ದಳು. ಒಂದು ಹಾಳೆ ಹಿಂದಕ್ಕೆ ತಿರುಗಿಸಿದೆ. ದಪ್ಪ ಅಕ್ಷರದಲ್ಲಿತ್ತು: ಪುಷ್ಯ ಮಾಸ.

ಪುಷ್ಯ ಬಹುಳ. ಅಂದರೆ 1957ರ ಜನವರಿಯ ಉತ್ತರಾರ್ಧ. ನಾನು ಬಾಯಿಬಿಟ್ಟು ಹೇಳುವ ಮೊದಲೇ ಅವಳು ಬೆರಳಲ್ಲಿ ತಿಂಗಳು ಎಣಿಸಿ ಮುಗಿಸಿದ್ದಳು.

“ಏನಂತೆ?” ಎಂದರು ಅಪ್ಪ.

ಅವಳೇ ಹೇಳಿದಳು. “ತಾತ ಬಂದಿದ್ದು ವಿಲೀನ ಆದ್ಮೇಲಂತೆ ಅಪ್ಪ. ಎರಡೂವರೆ ತಿಂಗ್ಳು ಆದ್ಮೇಲೆ.”

ಅವರು ಬಗ್ಗಿ ಆ ಹಾಳೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ಟೀಚರಮ್ಮ, ನೀವೂ ನಮ್ಮೋರೇ ಅಲ್ವಾ?”

“ಹೌದಣ್ಣ.”

“ಮತ್ತೆ ಎರಡೂವರೆ ತಿಂಗ್ಳಿಗೋಸ್ಕರ ನಮ್ಮನ್ನ ಹೊರಗಿನೋರು ಮಾಡಕ್ಕೆ ಕೂತಿದೀರಲ್ಲ? ನಮ್ಮಪ್ಪ ಹಾವು, ಜ್ವರ, ಆನೆ ಎಲ್ಲಾನೂ ತಿಂದು ಅರಗಿಸ್ಕಂಡ. ನನ್ ತಂಗಿ ಆ ಗುಡಿಸ್ಲಲ್ಲೇ ಸತ್ಲು. ಆವಾಗ ಯಾರೂ ಬಂದು ಇವತ್ತು ಯಾವ ತಿಂಗ್ಳು ಅಂತ ಕೇಳ್ನಿಲ್ಲ.”

“ಅದನ್ನೆಲ್ಲ ಯಾರೂ ಅಳಿಸ್ತಾ ಇಲ್ಲಣ್ಣ. ತಾರೀಖು ಮಾತ್ರ...”

“ತಾರೀಖೇ ತಾನೇ ಅವ್ರು ಕೇಳೋದು! ಕೈಕಾಲು ತೋರ್ಸು ಅಂತಾರಾ?” ಅವರು ಎದ್ದು ನಿಂತರು. “ಊರೋರಿಗೆಲ್ಲ ಹೇಳ್ಬಿಟ್ಟಿದೀನಿ ನಾನು, ನನ್ ಮಗಳು ಬರ್ದು ಸಾಬೀತು ಮಾಡವ್ಳೆ ಅಂತ. ಮಗಾ, ಇದ್ದಂಗೇ ಕೊಡು. ಪುಷ್ಯನೋ ಮಾಘನೋ ಯಾವನಿಗೆ ಗೊತ್ತಾಯ್ತದೆ? ಫೋಟೋದಲ್ಲಿ ಇಲ್ವಲ್ಲ.”

ಇದು ನಿಜವೇ. ಹಾಗೆಯೇ ಕೊಟ್ಟಿದ್ದರೆ ಗೊತ್ತಾಗುವ ಸಂಭವ ಕಡಿಮೆ. ಅವಳು ನನ್ನನ್ನು ನೋಡಿದಳು. ನಾನು ಕೊಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಸೋಮವಾರ ಕಳೆದುಕೊಂಡರೆ ಏನಾಗುತ್ತದೆಂದು ನನಗೆ ತಿಳಿದಿತ್ತು. ಸುಳ್ಳಾದದ್ದು ಒಂದು ತಾರೀಖಷ್ಟೇ ಅಲ್ಲ, ಅದರ ಮೇಲೆ ನಿಂತ ಇಡೀ ನಾಲ್ಕನೇ ಅಧ್ಯಾಯ ಮತ್ತು ಉಪಸಂಹಾರ ಎಂಬುದೂ ತಿಳಿದಿತ್ತು.

“ಗೊತ್ತಿಲ್ದೇ ಕೊಟ್ಟಿದ್ರೆ ಅದು ಬೇರೆ ಮಾತು ಅಪ್ಪ,” ಎಂದಳು. “ಗೊತ್ತಾದ್ಮೇಲೆ ಹೆಂಗ್ ಕೊಡ್ಲಿ? ನಾಳೆ ಮಕ್ಕಳ ಮುಂದೆ ನಿಂತ್ಕಂಡು ಯಾವ ಬಾಯಲ್ಲಿ ಪಾಠ ಮಾಡ್ಲಿ?”

“ಮಾಡ್ಬೇಡ. ಗೊಬ್ಬರನೇ ಮಾರು,” ಎಂದರು ಅಪ್ಪ. ನೋಟ್‌ಬುಕ್ಕನ್ನು ಮೇಜಿನಿಂದ ಎತ್ತಿಕೊಂಡರು. “ನಮ್ಮಪ್ಪನ ಮೇಲೆ ಅವನ ಕೈಬರಹದಿಂದ್ಲೇ ಸಾಕ್ಷಿ ಹೇಳ್ಸಕ್ಕೆ ನಾನು ಇದನ್ನ ಕೊಡಕ್ಕಿಲ್ಲ.” ಗೇಟು ದಾಟಿ ಬಸ್ಸಿನ ಕಡೆ ನಡೆದರು. ಮಗಳು ಬಿಡಲು ಹೋದಾಗ ಕೈ ಕೊಸರಿಕೊಂಡರು.

ಅವಳು ಹಿಂತಿರುಗಿ ಬಂದು ಲ್ಯಾಪ್‌ಟಾಪ್ ತೆರೆದಳು. ಮಧ್ಯಾಹ್ನವಿಡೀ ನಾವಿಬ್ಬರೂ ಎದ್ದೇಳಲಿಲ್ಲ. ಒಂದು ತಾರೀಖನ್ನು ಬದಲಿಸುವುದು ಸುಲಭವೆಂದು ಹೊರಗಿನವರು ತಿಳಿಯುತ್ತಾರೆ. ಅದು ಪೀಠಿಕೆಯಲ್ಲಿದೆ, ಪರಿವಿಡಿಯ ಅಧ್ಯಾಯದ ಹೆಸರಿನಲ್ಲಿದೆ, ಅಡಿಟಿಪ್ಪಣಿಯಲ್ಲಿದೆ, ಸಾರಾಂಶದಲ್ಲಿದೆ. ಇಸವಿಯಾಗಿ ಅಲ್ಲದೆ ‘ಆಗಿನ ಕೊಡಗು ಸರ್ಕಾರ’ ಎಂಬ ಮಾತಿನೊಳಗೂ ಅಡಗಿದೆ. ‘1956’ ಎಂದು ಹುಡುಕಿದೆವು. ‘ವಿಲೀನಕ್ಕೂ ಮುನ್ನ’ ಎಂದು ಹುಡುಕಿದೆವು. ನಾಲ್ಕನೇ ಅಧ್ಯಾಯದ ವಾದವನ್ನು ಕಿತ್ತು, ವಿಲೀನದ ಬೆನ್ನಲ್ಲೇ ನಡೆದ ಮೊದಮೊದಲ ವಲಸೆಗಳಲ್ಲಿ ಇದು ಒಂದು ಎಂದು ಬರೆದೆವು. ಅಲ್ಲೂ ‘ಮೊಟ್ಟಮೊದಲ’ ಎಂದು ಟೈಪಿಸಿ ಅವಳೇ ಅಳಿಸಿದಳು. ಮಾಸದ ಹೆಸರು ಹಿಂದಿನ ಹಾಳೆಯಲ್ಲಿದೆ, ಮೂಲ ಕುಟುಂಬದ ವಶದಲ್ಲಿದೆ ಎಂದು ಟಿಪ್ಪಣಿ ಕೊಟ್ಟೆವು. ಉಪಸಂಹಾರ ಎರಡು ಪುಟದಿಂದ ಅರ್ಧ ಪುಟಕ್ಕೆ ಇಳಿಯಿತು. ಓದಿದರೆ ಯಾರಿಗಾದರೂ ಅವಸರ ಕಾಣುವಂತಿತ್ತು. ಮತ್ತೊಮ್ಮೆ ಮೊದಲಿನಿಂದ ಓದಲು ವೇಳೆ ಉಳಿಯಲಿಲ್ಲ. ಬೈಂಡಿಂಗಿನವನು ಭಾನುವಾರ ಬೇಗ ಬಾಗಿಲು ಹಾಕುತ್ತಾನೆ.

ಸೋಮವಾರ ಅವಳು ಮಡಿಕೇರಿಗೆ ಹೋಗಿ ಕೊಟ್ಟು ಬಂದಳು.

ಮೌಖಿಕ ಪರೀಕ್ಷೆಯಲ್ಲಿ ನಡೆದದ್ದನ್ನು ಅವಳೇ ಫೋನಿನಲ್ಲಿ ಹೇಳಿದ್ದು. ಹೊರಗಿನಿಂದ ಬಂದ ಪರೀಕ್ಷಕರು ಗಟ್ಟಿಯಾಗಿ ಮಾತಾಡುವವರೂ ಅಲ್ಲ, ಅವಮಾನಿಸುವವರೂ ಅಲ್ಲ. ನಲವತ್ತೊಂದನೇ ಪುಟ ತೆರೆದರು. ಅಲ್ಲಿ ಹಳೆಯ ಬಾವಿಯ ಚಿತ್ರವಿತ್ತು, ಅದರ ಕೆಳಗೆ ಒಂದು ಸಾಲು: ‘ವಿಲೀನಪೂರ್ವದಲ್ಲಿ ನಮ್ಮ ಹಿರಿಯರು ತೋಡಿದ ಬಾವಿ.’ ಚಿತ್ರದ ಪುಟಗಳನ್ನು ಡಿ.ಟಿ.ಪಿ. ಅಂಗಡಿಯಲ್ಲಿ ಬೇರೆಯಾಗಿ ಮಾಡಿಸಿದ್ದರಿಂದ ಅಕ್ಷರಗಳೂ ಚಿತ್ರದ ಭಾಗವೇ ಆಗಿದ್ದವು. ನಮ್ಮ ಹುಡುಕಾಟಕ್ಕೆ ಅವು ಸಿಗಲೇ ಇಲ್ಲ.

“ಪಠ್ಯ ಒಂದು ಹೇಳ್ತದೆ, ಚಿತ್ರ ಒಂದು ಹೇಳ್ತದೆ. ನಾನು ಯಾವುದನ್ನ ನಂಬ್ಲಿ ಅಮ್ಮ?” ಎಂದು ಕೇಳಿದರಂತೆ. ಇವಳು ನಡೆದದ್ದನ್ನೆಲ್ಲ ಹೇಳಿದಳು. ಅವರು ತಾಳ್ಮೆಯಿಂದ ಕೇಳಿ, ಮೂಲವನ್ನು ತೋರಿಸಿ ಎಂದರು. ಅಪ್ಪನ ಪೆಟ್ಟಿಗೆಗೆ ಬೀಗ ಬಿದ್ದಿತ್ತು. ವರದಿಯಲ್ಲಿ ಅವರು ಬರೆದದ್ದು: ತೀರ್ಮಾನಗಳು ಒಂದಕ್ಕೊಂದು ಹೊಂದುವುದಿಲ್ಲ, ಪರಿಷ್ಕರಿಸಿ ಮತ್ತೆ ಸಲ್ಲಿಸತಕ್ಕದ್ದು. ಬೇರೆಯವರಿಗಾದರೆ ಅದು ಮೂರು ತಿಂಗಳ ಕೆಲಸ. ಅವಳ ನೋಂದಣಿ ಆಗಲೇ ಮುಗಿದಿತ್ತು. ಅವಧಿ ವಿಸ್ತರಣೆಗೆ ಹಾಕಿದ ಅರ್ಜಿಗೆ ನಿಯಮದಲ್ಲಿ ಅವಕಾಶವಿಲ್ಲವೆಂದು ಒಂದು ಸಾಲಿನ ಉತ್ತರ ಬಂತು. ಕಾಲೇಜಿನ ಜಾಗಕ್ಕೆ ಜೂನ್‌ನಲ್ಲಿ ಬೇರೊಬ್ಬರು ಬಂದರು.

ಆ ಪರೀಕ್ಷಕರ ಮೇಲೆ ನನಗೆ ಸಿಟ್ಟು ಬರಲೇಬೇಕೆಂದು ಬಹಳ ಪ್ರಯತ್ನಿಸಿದೆ. ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ನನಗೆ ಆದ ಅನ್ಯಾಯಗಳ ಪಟ್ಟಿ ಉದ್ದವಿದೆ, ಪ್ರತಿಯೊಂದಕ್ಕೂ ದಿನ ವಾರ ಹೇಳಬಲ್ಲೆ. ನಾನು ಮಾಡಿದ್ದಕ್ಕೆ ಅಷ್ಟೇ ನಿಖರವಾಗಿ ದಿನ ವಾರ ಹೇಳಬೇಕಾಗಿ ಬಂದದ್ದು ಇದೇ ಮೊದಲು.

ಹೇಳಲು ಸಂಘಕ್ಕೇ ಹೋದೆ. ಮಳೆಗಾಲದ ಮೊದಲ ಗೊಬ್ಬರ ಬಂದಿತ್ತು; ಸಾಲು ಉದ್ದವಿತ್ತು. ನನ್ನ ಸರದಿ ಬಂದಾಗ ಕೌಂಟರಿನ ಜಾಲರಿಯ ಈಚೆಯಿಂದ, ಹಿಂದೆ ನಿಂತವರಿಗೂ ಕೇಳುವಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾಸವಿಲ್ಲದ ತಿಥಿ ಗುರುವಾರವೇ ನನ್ನ ಕಣ್ಣಿಗೆ ಬಿದ್ದಿತ್ತು, ನೋಟ್‌ಬುಕ್ ತೋರಿಸುತ್ತೇನೆಂದು ನೀನು ಕೇಳಿದಾಗ ಬೇಡವೆಂದದ್ದು ನಾನು, ಆ ವಾಕ್ಯ ನಿಜವಾಗಿರಲಿ ಎಂದು ನನಗೆ ಆಸೆಯಿತ್ತು.

ಅವಳ ಕೈಯಲ್ಲಿ ಯಾರದೋ ಪಹಣಿಯ ಪ್ರತಿ ಇತ್ತು. ಅದನ್ನು ಕೆಳಗಿಟ್ಟಳು.

“ಗುರುವಾರ ಪುಸ್ತಕ ನನ್ ಬ್ಯಾಗಲ್ಲೇ ಇತ್ತು ಟೀಚರ್,” ಎಂದಳು. “ಅಪ್ಪನಿಗೆ ಗೊತ್ತಾಗೋ ಮೊದ್ಲೇ ಇಡೀ ಪುಸ್ತಕ ಜೆರಾಕ್ಸ್ ಮಾಡಿಸ್ಬೋದಿತ್ತು. ಶುಕ್ರವಾರ, ಶನಿವಾರ ರಜೆ ಹಾಕಿ ಕೂತಿದ್ರೆ ಅಧ್ಯಾಯ ಸರಿಯಾಗೇ ಬರೀತಿದ್ದೆ. ಚಿತ್ರದ ಪುಟ ಆವಾಗಿನ್ನೂ ಅಂಗಡಿಗೆ ಕೊಟ್ಟೇ ಇರ್ಲಿಲ್ಲ.”

ಸಿಟ್ಟಿನಿಂದ ಹೇಳಲಿಲ್ಲ. ನಾನು ಕಲಿಸಿದ ಹಾಗೆ, ಯಾವುದರ ನಂತರ ಯಾವುದು ಎಂದು ಜೋಡಿಸಿ ಹೇಳಿದಳು. ಅದರಲ್ಲಿ ತಿದ್ದುವಂಥದ್ದು ಒಂದು ಅಕ್ಷರವೂ ಇರಲಿಲ್ಲ.

ಹಿಂದಿನವನು ಚೀಲ ನೆಲಕ್ಕಿಟ್ಟು, “ಅಮ್ಮಾ, ಸ್ವಲ್ಪ ಜಾಗ ಬಿಡಿ,” ಎಂದ. ನಾನು ಪಕ್ಕಕ್ಕೆ ಸರಿದೆ. ಅವಳು ಪಹಣಿ ಎತ್ತಿಕೊಂಡು, ಅದರಲ್ಲಿನ ಹೆಸರನ್ನು ಗಟ್ಟಿಯಾಗಿ ಕರೆದಳು.